ಕಾಲೊನಿಗಳಿವೆ, ಜೀನ್ ಇಲ್ಲ: ಕತ್ತರಿಸಿ ಬೆಸೆಯುವ ಕ್ಲೋನಿಂಗ್ ಮತ್ತು ಓವರ್‌ಲ್ಯಾಪ್ ಜೋಡಣೆಯಲ್ಲಿ ದೋಷ ಪತ್ತೆ

ಜೀನೊಂದನ್ನು ವೆಕ್ಟರ್‌ಗೆ ಸೇರಿಸುವ ಪ್ರಯೋಗ ಎರಡು ಬಾರಿ ಕೈಕೊಟ್ಟರೆ ಸಾಕು, ವಿಧಾನವನ್ನೇ ಬದಲಿಸುವಂತೆ ಸಲಹೆ ಬರುತ್ತದೆ. ರೆಸ್ಟ್ರಿಕ್ಷನ್ ಕಿಣ್ವಗಳಿಂದ ಕತ್ತರಿಸಿ ಲೈಗೇಸ್‌ನಿಂದ ಬೆಸೆಯುತ್ತಿದ್ದವರು ಓವರ್‌ಲ್ಯಾಪ್ ಜೋಡಣೆಗೆ ಹೋಗುತ್ತಾರೆ, ಅದು ಕೈಗೂಡದವರು ಹಳೆಯ ವಿಧಾನಕ್ಕೆ ಮರಳುತ್ತಾರೆ. ಆದರೆ ಈ ಎರಡು ವಿಧಾನಗಳು ಬೇರೆಯಾಗುವುದು ಬೆಸುಗೆಯ ಹಂತದಲ್ಲಿ ಮಾತ್ರ. ವೆಕ್ಟರ್ ತಯಾರಿ, ಡಿಎನ್‌ಎಯ ಶುದ್ಧತೆ, ಕಾಂಪಿಟೆಂಟ್ ಕೋಶಗಳ ಗುಣಮಟ್ಟ, ಜೀನಿನ ವಿಷಗುಣ ಇವೆಲ್ಲ ಎರಡಕ್ಕೂ ಸಮಾನವಾಗಿರುವುದರಿಂದ ದೋಷ ಅಲ್ಲಿದ್ದರೆ ವಿಧಾನ ಬದಲಿಸಿದರೂ ದೋಷ ಜೊತೆಗೇ ಬರುತ್ತದೆ. ಆದ್ದರಿಂದ ದೋಷವು ಬೆಸುಗೆಯಲ್ಲಿದೆಯೋ ಅದಕ್ಕೆ ಮೊದಲೋ ಎಂಬುದನ್ನು ತಟ್ಟೆಗಳಿಂದಲೇ ತಿಳಿಯುವ ಬಗೆಯನ್ನು ಇಲ್ಲಿ ವಿವರಿಸಿದ್ದೇನೆ.

ಬೆಸುಗೆಯಲ್ಲಿ ಏನಾಗುತ್ತದೆ ಎಂಬುದು ಮನಸ್ಸಿನಲ್ಲಿರಲಿ. ಕತ್ತರಿಸಿ ಬೆಸೆಯುವ ವಿಧಾನದಲ್ಲಿ ಎರಡು ಕಿಣ್ವಗಳು ಜೀನ್ ತುಣುಕಿನಲ್ಲೂ ವೆಕ್ಟರಿನಲ್ಲೂ ಒಂದೇ ಬಗೆಯ ಅಂಟುತುದಿಗಳನ್ನು ಬಿಡುತ್ತವೆ, ಮತ್ತು ಟಿ4 ಡಿಎನ್‌ಎ ಲೈಗೇಸ್ ಆ ತುದಿಗಳನ್ನು ಎಟಿಪಿಯ ಶಕ್ತಿಯಿಂದ ಬೆಸೆಯುತ್ತದೆ. ಡೇನಿಯಲ್ ಗಿಬ್ಸನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಓವರ್‌ಲ್ಯಾಪ್ ಜೋಡಣೆಯಲ್ಲಿ ತುಣುಕುಗಳ ತುದಿಗಳು 15ರಿಂದ 40 ಬೇಸ್‌ಗಳಷ್ಟು ಒಂದನ್ನೊಂದು ಹೋಲುತ್ತವೆ. 50 ಡಿಗ್ರಿ ಸೆಲ್ಸಿಯಸ್‌ನಲ್ಲಿ ಟಿ5 ಎಕ್ಸೋನ್ಯೂಕ್ಲಿಯೇಸ್ 5' ತುದಿಗಳನ್ನು ಕೊರೆದು ಒಂಟಿ ಎಳೆಗಳನ್ನು ಹೊರತೆಗೆಯುತ್ತದೆ, ಅವು ಪರಸ್ಪರ ಜೋಡಿಯಾಗುತ್ತವೆ, ಪಾಲಿಮರೇಸ್ ಖಾಲಿ ಜಾಗವನ್ನು ತುಂಬುತ್ತದೆ, ಶಾಖ ತಡೆಯುವ ಲೈಗೇಸ್ ಸೀಳನ್ನು ಮುಚ್ಚುತ್ತದೆ. ಇಲ್ಲಿ ಅಂಟುತುದಿಗಳಿಗೆ ಕೆಲಸವಿಲ್ಲ, ಇದ್ದರೂ ಅವು ಕೊರೆದುಹೋಗುತ್ತವೆ. ದೋಷ ಪತ್ತೆಯಲ್ಲಿ ಈ ಒಂದು ವ್ಯತ್ಯಾಸ ಮುಂದೆ ಬಹಳ ಉಪಯೋಗಕ್ಕೆ ಬರುತ್ತದೆ.

## ಮೊದಲು ಐದು ತಟ್ಟೆಗಳು

ಹೊಸ ಕಿಣ್ವ ಅಥವಾ ಹೊಸ ಪ್ರೈಮರ್ ತರಿಸುವ ಮುನ್ನ ಮಾಡಬೇಕಾದ ಅತ್ಯಂತ ಅಗ್ಗದ ಪರೀಕ್ಷೆ ಇದು. ಒಂದೇ ದಿನ, ಒಂದೇ ತಂಡದ ಕೋಶಗಳಿಂದ ಈ ಐದನ್ನೂ ಹರಡಬೇಕು.

ತಟ್ಟೆ 1: ಕೋಶಗಳು ಮಾತ್ರ, ಡಿಎನ್‌ಎ ಇಲ್ಲ.
ತಟ್ಟೆ 2: ಕತ್ತರಿಸದ ಶುದ್ಧ ಪ್ಲಾಸ್ಮಿಡ್, 100 ಪಿಕೋಗ್ರಾಂ.
ತಟ್ಟೆ 3: ಸಿದ್ಧಪಡಿಸಿದ ವೆಕ್ಟರ್ ಮಾತ್ರ, ಲೈಗೇಸ್ ಅಥವಾ ಜೋಡಣೆ ಮಿಶ್ರಣ ಇಲ್ಲ.
ತಟ್ಟೆ 4: ವೆಕ್ಟರ್ ಮತ್ತು ಲೈಗೇಸ್ ಅಥವಾ ಜೋಡಣೆ ಮಿಶ್ರಣ, ಜೀನ್ ತುಣುಕು ಇಲ್ಲ.
ತಟ್ಟೆ 5: ಎಲ್ಲವೂ ಇರುವ ನಿಜವಾದ ಪ್ರಯೋಗ.

ತಟ್ಟೆ 1 ಖಾಲಿಯಿರಬೇಕು. ಅಲ್ಲಿ ಕಾಲೊನಿ ಬಂದರೆ ಆಂಟಿಬಯೋಟಿಕ್ ಕೆಲಸ ಮಾಡುತ್ತಿಲ್ಲ ಅಥವಾ ಕೋಶಗಳಲ್ಲಿ ಬೇರೇನೋ ಬೆರೆತಿದೆ, ಮತ್ತು ಉಳಿದ ತಟ್ಟೆಗಳನ್ನು ಓದಿ ಪ್ರಯೋಜನವಿಲ್ಲ. ತಟ್ಟೆ 2 ಕೋಶಗಳ ಸಾಮರ್ಥ್ಯವನ್ನು ತಿಳಿಸುತ್ತದೆ. 100 ಪಿಕೋಗ್ರಾಂ ಹಾಕಿ, ಹತ್ತರಲ್ಲೊಂದು ಭಾಗವನ್ನು ಹರಡಿದಾಗ 100 ಕಾಲೊನಿ ಬಂದರೆ ಒಟ್ಟು 1,000 ಬಂದಂತೆ, ಅಂದರೆ ಮೈಕ್ರೋಗ್ರಾಂಗೆ 1 ಕೋಟಿ. ಒಂದೇ ಜೀನನ್ನು ಸಾಮಾನ್ಯ ಗಾತ್ರದ ವೆಕ್ಟರ್‌ಗೆ ಸೇರಿಸಲು ಇಷ್ಟಿದ್ದರೆ ಕೆಲಸ ನಡೆಯುತ್ತದೆ. ಇದರ ಹತ್ತರಲ್ಲೊಂದು ಭಾಗಕ್ಕೆ ಇಳಿದಿದ್ದರೆ ಬೆಸುಗೆಯನ್ನು ದೂರುವ ಮುನ್ನ ಕೋಶಗಳನ್ನು ಬದಲಿಸಬೇಕು.

ತಟ್ಟೆ 3ರಲ್ಲಿ ಬಂದವು ಕತ್ತರಿಸದೆ ಉಳಿದ ಪ್ಲಾಸ್ಮಿಡ್‌ನಿಂದ ಬಂದ ಕಾಲೊನಿಗಳು. ತಟ್ಟೆ 4ರಲ್ಲಿ ಅವುಗಳ ಜೊತೆಗೆ, ತನ್ನಷ್ಟಕ್ಕೆ ತಾನೇ ಮತ್ತೆ ಮುಚ್ಚಿಕೊಂಡ ವೆಕ್ಟರ್‌ನವೂ ಸೇರಿರುತ್ತವೆ. ತಟ್ಟೆ 4 ಮತ್ತು 5ರ ನಡುವಿನ ಅಂತರವೇ ಜೀನ್ ಸೇರಿದ ಕಾಲೊನಿಗಳ ಅಂದಾಜು. ನಿಜವಾದ ಪ್ರಯೋಗದ ತಟ್ಟೆಯನ್ನು ಮಾತ್ರ ಹಾಕಿ, ಅದರಲ್ಲಿನ ಕಾಲೊನಿಗಳನ್ನು ಎಣಿಸಿ ಸಂತೋಷಪಡುವುದು ವಾರಗಟ್ಟಲೆ ಸಮಯ ಹಾಳಾಗುವುದಕ್ಕೆ ನಾನು ಕಂಡ ಮುಖ್ಯ ಕಾರಣ.

## ಲಕ್ಷಣ: ತಟ್ಟೆ 5ರಲ್ಲಿ ಒಂದೂ ಕಾಲೊನಿ ಇಲ್ಲ

ತಟ್ಟೆ 2 ಕೂಡ ಖಾಲಿಯಿದ್ದರೆ ದೋಷ ಕೋಶಗಳಲ್ಲಿ ಅಥವಾ ಆಂಟಿಬಯೋಟಿಕ್‌ನಲ್ಲಿದೆ. ವೆಕ್ಟರಿನ ಪ್ರತಿರೋಧಕ ಜೀನ್ ಯಾವುದೆಂದು ನಕ್ಷೆಯಲ್ಲಿ ನೋಡಿ: ಪಿಇಟಿ-28ಎ ವೆಕ್ಟರ್ ಕನಮೈಸಿನ್‌ಗೆ ಪ್ರತಿರೋಧ ಕೊಡುತ್ತದೆಯೇ ಹೊರತು ಆಂಪಿಸಿಲಿನ್‌ಗಲ್ಲ. ಕನಮೈಸಿನ್ ಬಳಸುವಾಗ ಶಾಖದ ಆಘಾತದ ನಂತರ ಆಂಟಿಬಯೋಟಿಕ್ ಇಲ್ಲದ ದ್ರವದಲ್ಲಿ 37 ಡಿಗ್ರಿಯಲ್ಲಿ ಒಂದು ಗಂಟೆ ಕೋಶಗಳನ್ನು ಬೆಳೆಸುವುದನ್ನು ಬಿಡಲಾಗದು, ಏಕೆಂದರೆ ಪ್ರತಿರೋಧಕ ಪ್ರೋಟೀನ್ ತಯಾರಾಗುವ ಮೊದಲೇ ತಟ್ಟೆಗೆ ಬಿದ್ದ ಕೋಶ ಸಾಯುತ್ತದೆ.

ತಟ್ಟೆ 2 ಚೆನ್ನಾಗಿದ್ದು 5 ಖಾಲಿಯಿದ್ದರೆ ಬೆಸುಗೆ ಆಗಿಲ್ಲ, ಅಥವಾ ಬೆಸುಗೆಯ ದ್ರಾವಣವೇ ಕೋಶಗಳಿಗೆ ಕೆಡುಕು ಮಾಡಿದೆ. ಎರಡನೆಯದನ್ನು ಮೊದಲು ಪರೀಕ್ಷಿಸಿ, ಏಕೆಂದರೆ ಅದು ಸುಲಭ. ಜೋಡಣೆ ಮಿಶ್ರಣದಲ್ಲಿ ಪಿಇಜಿ ಮತ್ತು ಲವಣಗಳು ಇರುವುದರಿಂದ 50 ಮೈಕ್ರೋಲೀಟರ್ ಕೋಶಗಳಿಗೆ 2 ಮೈಕ್ರೋಲೀಟರ್‌ಗಿಂತ ಹೆಚ್ಚು ಹಾಕಬಾರದು; ವಿದ್ಯುತ್ ಆಘಾತದಿಂದ ಡಿಎನ್‌ಎ ಸೇರಿಸುವವರು ಮಿಶ್ರಣವನ್ನು ನೀರಿನಲ್ಲಿ ಮೂರು ಪಟ್ಟು ತೆಳುವಾಗಿಸಿಕೊಳ್ಳಬೇಕು. ಹೆಚ್ಚು ಹಾಕಿದರೆ ಹೆಚ್ಚು ಕಾಲೊನಿ ಬಂದೀತೆಂದು ಉಳಿದ ದ್ರಾವಣವನ್ನೆಲ್ಲ ಸುರಿಯುವವರಿಗೆ ಖಾಲಿ ತಟ್ಟೆ ಸಿಗುವುದು ಇದರಿಂದಲೇ.

ಲೈಗೇಸ್ ಬಳಸುವವರು ಬಫರನ್ನು ನೋಡಬೇಕು. ಅದರಲ್ಲಿರುವ ಎಟಿಪಿ ಮತ್ತೆ ಮತ್ತೆ ಹೆಪ್ಪುಗಟ್ಟಿಸಿ ಕರಗಿಸಿದಂತೆ ಕೆಡುತ್ತದೆ. ಹೊಸ ಬಫರ್ ಬಂದ ದಿನವೇ 10 ಮೈಕ್ರೋಲೀಟರ್‌ನಂತೆ ಸಣ್ಣ ಟ್ಯೂಬುಗಳಿಗೆ ಹಂಚಿಟ್ಟರೆ ಈ ದೋಷ ಬಹುಮಟ್ಟಿಗೆ ತಪ್ಪುತ್ತದೆ. ಹಳೆಯ ಬಫರಿನ ಮೇಲೆ ಅನುಮಾನ ಇದ್ದರೆ ಹೊಸ ಡಿಎನ್‌ಎ ತಯಾರಿಸಬೇಕಾಗಿಲ್ಲ; ಒಂದೇ ಕಿಣ್ವದಿಂದ ಕತ್ತರಿಸಿದ ಯಾವುದೇ ಪ್ಲಾಸ್ಮಿಡ್‌ಗೆ ಆ ಬಫರ್ ಮತ್ತು ಲೈಗೇಸ್ ಹಾಕಿ ಜೆಲ್ ಓಡಿಸಿದರೆ, ಒಂದೇ ಇದ್ದ ಪಟ್ಟಿ ಹಲವು ಪಟ್ಟಿಗಳಾಗಿ ಬದಲಾಗಬೇಕು. ಬದಲಾಗದಿದ್ದರೆ ಬಫರ್ ಅಥವಾ ಲೈಗೇಸ್ ಕೆಟ್ಟಿದೆ.

ಇವೆರಡೂ ಸರಿಯಿದ್ದರೆ ಡಿಎನ್‌ಎಯನ್ನು ಜೆಲ್‌ನಿಂದ ಹೇಗೆ ತೆಗೆದಿರಿ ಎಂದು ಕೇಳಿಕೊಳ್ಳಿ. 302 ನ್ಯಾನೋಮೀಟರ್ ನೇರಳಾತೀತ ಬೆಳಕಿನ ಮೇಲೆ ಜೆಲ್ ಇಟ್ಟು ನಿಧಾನವಾಗಿ ಪಟ್ಟಿ ಕತ್ತರಿಸಿದರೆ ಡಿಎನ್‌ಎಗೆ ಆಗುವ ಹಾನಿ ಜೆಲ್‌ನಲ್ಲಿ ಕಾಣುವುದಿಲ್ಲ, ಕಾಲೊನಿಗಳ ಸಂಖ್ಯೆಯಲ್ಲಿ ಕಾಣುತ್ತದೆ. 365 ನ್ಯಾನೋಮೀಟರ್ ದೀಪ ಅಥವಾ ನೀಲಿ ಬೆಳಕು ಬಳಸಿ, ಪಟ್ಟಿಯನ್ನು ಕೆಲವೇ ಸೆಕೆಂಡುಗಳಲ್ಲಿ ತೆಗೆಯಿರಿ. ನೇರಳಾತೀತ ದೀಪ ಹಚ್ಚಿದಾಗ ಮುಖ ಮುಚ್ಚುವ ಕವಚ, ಉದ್ದ ತೋಳು ಮತ್ತು ಕೈಗವಸು ಕಡ್ಡಾಯ. ಕೈಗವಸು ಮತ್ತು ತೋಳಿನ ನಡುವೆ ತೆರೆದಿರುವ ಮಣಿಕಟ್ಟು ಸುಟ್ಟುಕೊಳ್ಳುವುದು ಸಾಮಾನ್ಯ. ಎಥಿಡಿಯಂ ಬ್ರೋಮೈಡ್ ಇರುವ ಜೆಲ್ ಮಾಮೂಲಿ ಕಸದ ಬುಟ್ಟಿಗೆ ಹೋಗಬಾರದು. ಶುದ್ಧೀಕರಣ ಕಿಟ್‌ನ ಬಫರುಗಳಲ್ಲಿ ಗ್ವಾನಿಡಿನ್ ಲವಣ ಇರುವುದರಿಂದ ಅವುಗಳ ತ್ಯಾಜ್ಯಕ್ಕೆ ಬ್ಲೀಚ್ ಎಂದೂ ಹಾಕಬಾರದು, ವಿಷಾನಿಲ ಹೊರಡುತ್ತದೆ.

ಓವರ್‌ಲ್ಯಾಪ್ ಜೋಡಣೆಯಲ್ಲಿ ಇದಾವುದೂ ಅಲ್ಲದಿದ್ದರೆ ಪ್ರೈಮರ್ ವಿನ್ಯಾಸಕ್ಕೆ ಬನ್ನಿ. ಇಲ್ಲಿ ಒಂದು ನಿದರ್ಶನವನ್ನು ಹತ್ತಿರದಿಂದ ನೋಡುವುದು ಒಳಿತು. ಪಿಇಟಿ-28ಎಯಲ್ಲಿ ಹಿಸ್ಟಿಡಿನ್ ಟ್ಯಾಗ್‌ನ ನಂತರ ಜೀನನ್ನು ಕೂರಿಸಬೇಕೆಂದು ಹೊರಟವರು ಸಹಜವಾಗಿ ಜೀನಿನ ಆರಂಭದ ಹಿಂದಿನ 21 ಬೇಸ್‌ಗಳನ್ನು ಓವರ್‌ಲ್ಯಾಪ್ ಆಗಿ ಆರಿಸಿಕೊಳ್ಳುತ್ತಾರೆ.

```
CTGGTGCCGCGCGGCAGCCAT
    TGCCGCGCGGCA
```

ಮೇಲಿನ ಸಾಲು ಆ 21 ಬೇಸ್‌ಗಳು. ಇದು ಥ್ರಾಂಬಿನ್ ಕತ್ತರಿಸುವ ಜಾಗಕ್ಕೆ ಸೇರಿದ ಅನುಕ್ರಮ. ಕೆಳಗಿನ ಸಾಲಿನ 12 ಬೇಸ್‌ಗಳನ್ನು ಎದುರು ಎಳೆಯಲ್ಲಿ ಹಿಂದುಮುಂದಾಗಿ ಓದಿದರೂ ಅದೇ ಅನುಕ್ರಮ ಬರುತ್ತದೆ. ಅಂದರೆ ಎಕ್ಸೋನ್ಯೂಕ್ಲಿಯೇಸ್ ಒಂಟಿ ಎಳೆಯನ್ನು ಹೊರತೆಗೆದಾಗ ಅದು ತನ್ನ ಸಂಗಾತಿಯನ್ನು ಹುಡುಕುವ ಬದಲು ತನ್ನ ಮೇಲೆಯೇ ಮಡಚಿಕೊಳ್ಳಬಹುದು, ಅಥವಾ ತನ್ನದೇ ಇನ್ನೊಂದು ಪ್ರತಿಯೊಡನೆ ಜೋಡಿಯಾಗಬಹುದು. ಓವರ್‌ಲ್ಯಾಪ್‌ನ ಅರ್ಧಕ್ಕಿಂತ ಹೆಚ್ಚು ಭಾಗ ಹೀಗಿರುವಾಗ ಜೋಡಣೆ ಸೊರಗುವುದು ಆಶ್ಚರ್ಯವಲ್ಲ. ಪರಿಹಾರ ಸುಲಭ: ಎಡಕ್ಕೆ ಇನ್ನೂ 12ರಿಂದ 15 ಬೇಸ್ ಸೇರಿಸಿ ಓವರ್‌ಲ್ಯಾಪನ್ನು ಉದ್ದ ಮಾಡಿ. ಆಗ ಮಡಚಿಕೊಳ್ಳದ ಭಾಗವೂ ಹಿಡಿತಕ್ಕೆ ಸಿಗುತ್ತದೆ. ಕತ್ತರಿಸಿ ಬೆಸೆಯುವ ವಿಧಾನಕ್ಕೆ ಈ ತೊಂದರೆ ಇಲ್ಲವೇ ಇಲ್ಲ, ಏಕೆಂದರೆ ಅಲ್ಲಿ ತುದಿಯ ಎರಡು ಅಥವಾ ನಾಲ್ಕು ಬೇಸ್‌ಗಳಷ್ಟೇ ಲೆಕ್ಕಕ್ಕೆ ಬರುತ್ತವೆ.

ಇದಕ್ಕಿಂತ ಸಾಮಾನ್ಯವಾದ ತಪ್ಪೆಂದರೆ ಹಿಮ್ಮುಖ ಪ್ರೈಮರಿನ ಓವರ್‌ಲ್ಯಾಪ್ ಭಾಗವನ್ನು ತಿರುಗಿಸಲು ಮರೆಯುವುದು. ಪ್ರೈಮರುಗಳನ್ನು ತರಿಸುವ ಮೊದಲು ಪೂರ್ಣ ಪ್ಲಾಸ್ಮಿಡ್‌ನ ಅನುಕ್ರಮವನ್ನು ಕಂಪ್ಯೂಟರಿನಲ್ಲಿ ಜೋಡಿಸಿ ನೋಡಿದವರಿಗೆ ಈ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

## ಲಕ್ಷಣ: ಕಾಲೊನಿಗಳು ಧಾರಾಳವಾಗಿವೆ, ಯಾವುದರಲ್ಲೂ ಜೀನ್ ಇಲ್ಲ

ಅತಿ ಹೆಚ್ಚು ಜನರನ್ನು ಕಾಡುವ ಲಕ್ಷಣ ಇದು. ಒಂದು ಉದಾಹರಣೆಯನ್ನು ಲೆಕ್ಕಸಹಿತ ನೋಡೋಣ. 900 ಬೇಸ್ ಜೋಡಿಯ ಜೀನೊಂದನ್ನು ಪಿಇಟಿ-28ಎಗೆ ಎನ್‌ಡಿಇ-1 ಮತ್ತು ಎಕ್ಸ್‌ಎಚ್‌ಒ-1 ಕಿಣ್ವಗಳ ಜಾಗದಲ್ಲಿ ಸೇರಿಸಬೇಕಿದೆ. ವೆಕ್ಟರಿನ ಒಟ್ಟು ಉದ್ದ 5,369 ಬೇಸ್ ಜೋಡಿ. ಈ ಎರಡು ಜಾಗಗಳ ನಡುವಿನ ಅಂತರ ಸುಮಾರು 80. ಕತ್ತರಿಸಿದ ಮೇಲೆ ಉಳಿಯುವುದು ಸುಮಾರು 5,289. ವೆಕ್ಟರ್ 50 ನ್ಯಾನೋಗ್ರಾಂ ತೆಗೆದುಕೊಂಡು, ಅಣುಗಳ ಲೆಕ್ಕದಲ್ಲಿ ಒಂದು ವೆಕ್ಟರ್‌ಗೆ ಮೂರರಂತೆ ಜೀನ್ ತುಣುಕನ್ನು ಹಾಕಬೇಕೆಂದರೆ ಬೇಕಾಗುವುದು ಇಷ್ಟು ನ್ಯಾನೋಗ್ರಾಂ:

```
50 × (900 ÷ 5289) × 3 = 25.5
```

ಪ್ರಯೋಗ ಮುಗಿದಾಗ ತಟ್ಟೆ 3ರಲ್ಲಿ 4, ತಟ್ಟೆ 4ರಲ್ಲಿ 210, ತಟ್ಟೆ 5ರಲ್ಲಿ 230 ಕಾಲೊನಿಗಳು ಬಂದಿವೆ ಎಂದಿಟ್ಟುಕೊಳ್ಳಿ. ತಟ್ಟೆ 5ನ್ನು ಮಾತ್ರ ನೋಡಿದವರಿಗೆ ಪ್ರಯೋಗ ಗೆದ್ದಂತೆ ಕಾಣುತ್ತದೆ. ಐದನ್ನೂ ನೋಡಿದವರಿಗೆ ಬೇರೆಯೇ ಕಥೆ ತಿಳಿಯುತ್ತದೆ. ತಟ್ಟೆ 3ರಲ್ಲಿ ನಾಲ್ಕೇ ಇರುವುದರಿಂದ ಕತ್ತರಿಸದ ಪ್ಲಾಸ್ಮಿಡ್ ಬಹಳ ಉಳಿದಿಲ್ಲ. ಲೈಗೇಸ್ ಹಾಕಿದ ಕೂಡಲೇ ಸಂಖ್ಯೆ 210ಕ್ಕೆ ಏರಿರುವುದರಿಂದ ವೆಕ್ಟರ್ ತಾನೇ ಮುಚ್ಚಿಕೊಳ್ಳುತ್ತಿದೆ. ಎರಡೂ ಕಿಣ್ವಗಳು ಕತ್ತರಿಸಿದ್ದರೆ ತುದಿಗಳು ಬೇರೆಬೇರೆಯಾಗಿದ್ದು ಹಾಗೆ ಸುಲಭವಾಗಿ ಮುಚ್ಚಿಕೊಳ್ಳಲು ಬರುವುದಿಲ್ಲ. ಹಾಗಾದರೆ ವೆಕ್ಟರಿನ ದೊಡ್ಡ ಪಾಲನ್ನು ಒಂದೇ ಕಿಣ್ವ ಕತ್ತರಿಸಿದೆ. ಲೈಗೇಸ್ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂಬುದೂ ಇದೇ ತಟ್ಟೆಯಿಂದ ಸಿಕ್ಕ ಮಾಹಿತಿ.

ಜೆಲ್‌ನಲ್ಲಿ ಇದು ಏಕೆ ಕಾಣಲಿಲ್ಲ? 5,369 ಮತ್ತು 5,289ರ ನಡುವಿನ ವ್ಯತ್ಯಾಸವನ್ನು ಸಾಮಾನ್ಯ ಅಗರೋಸ್ ಜೆಲ್ ತೋರಿಸಲಾರದು; ಹೊರಬಿದ್ದ 80 ಬೇಸ್ ತುಂಡು ಎಷ್ಟು ಮಂಕಾಗಿರುತ್ತದೆಂದರೆ ಅದು ಕಣ್ಣಿಗೆ ಬೀಳದೆ ಜೆಲ್‌ನ ಕೊನೆ ದಾಟಿರುತ್ತದೆ. ಒಂದು ಕಿಣ್ವ ಕತ್ತರಿಸಿದರೂ ಎರಡು ಕತ್ತರಿಸಿದರೂ ಪಟ್ಟಿ ಒಂದೇ ಥರ. ಆದ್ದರಿಂದ ಅದೇ ಪ್ಲಾಸ್ಮಿಡನ್ನು ಎರಡು ಟ್ಯೂಬುಗಳಲ್ಲಿ ಒಂದೊಂದೇ ಕಿಣ್ವದಿಂದ ಕತ್ತರಿಸಿ, ಕತ್ತರಿಸದ ಪ್ಲಾಸ್ಮಿಡ್‌ನ ಪಕ್ಕದಲ್ಲಿ ಓಡಿಸಬೇಕು. ಎಕ್ಸ್‌ಎಚ್‌ಒ-1 ಟ್ಯೂಬಿನಲ್ಲಿ ಒಂದೇ ಪಟ್ಟಿ ಬಂದು, ಎನ್‌ಡಿಇ-1 ಟ್ಯೂಬಿನಲ್ಲಿ ಸುರುಳಿಯಾಗಿ ಉಳಿದ ಪ್ಲಾಸ್ಮಿಡ್‌ನ ಪಟ್ಟಿಯೂ ಕಂಡರೆ ತಪ್ಪಿತಸ್ಥ ಯಾರೆಂದು ಗೊತ್ತಾಯಿತು. ಕಾರಣ ಹಳೆಯ ಕಿಣ್ವವಿರಬಹುದು, ಅಥವಾ ಪ್ಲಾಸ್ಮಿಡ್ ಶುದ್ಧೀಕರಣದಲ್ಲಿ ಉಳಿದ ಲವಣ ಮತ್ತು ಆಲ್ಕೋಹಾಲ್ ಇರಬಹುದು. ಡಿಎನ್‌ಎಯನ್ನು ಮತ್ತೊಮ್ಮೆ ಶುದ್ಧಗೊಳಿಸಿ, ಮೊದಲು ಮಂದವಾದ ಕಿಣ್ವದಿಂದ ಕತ್ತರಿಸಿ ಜೆಲ್‌ನಲ್ಲಿ ಖಚಿತಪಡಿಸಿಕೊಂಡು, ಆಮೇಲೆ ಎರಡನೆಯದನ್ನು ಸೇರಿಸಿ. ವೆಕ್ಟರ್ ತುದಿಗಳ ಫಾಸ್ಫೇಟ್ ತೆಗೆಯುವ ಕಿಣ್ವವೂ ತಟ್ಟೆ 4ನ್ನು ಖಾಲಿ ಮಾಡುತ್ತದೆ, ಆದರೆ ಅದನ್ನು ವೆಕ್ಟರ್‌ಗೆ ಮಾತ್ರ ಹಾಕಬೇಕು ಮತ್ತು ಬೆಸುಗೆಗೆ ಮೊದಲು ಪೂರ್ತಿ ನಿಷ್ಕ್ರಿಯಗೊಳಿಸಬೇಕು. ಅದೇ ಫಾಸ್ಫೇಟ್ ಜೀನ್ ತುಣುಕಿನಿಂದಲೂ ಹೋದರೆ ಬೆಸೆಯಲು ಏನೂ ಉಳಿಯುವುದಿಲ್ಲ.

ಈ ಉದಾಹರಣೆಯಲ್ಲಿ ಇನ್ನೊಂದು ಪ್ರಶ್ನೆ ಉಳಿದಿದೆ. ತಟ್ಟೆ 4 ಖಾಲಿಯಾದ ಮೇಲೂ ತಟ್ಟೆ 5 ಖಾಲಿಯೇ ಇದ್ದರೆ ಜೀನ್ ತುಣುಕಿನ ತುದಿಗಳು ಕತ್ತರಿಸಲ್ಪಟ್ಟಿಲ್ಲ ಎಂಬ ಅನುಮಾನ ಬರಬೇಕು. ಪಿಸಿಆರ್ ತುಣುಕಿನ ಅಂಚಿನಲ್ಲೇ ಗುರುತುಜಾಗ ಇದ್ದರೆ ಹಲವು ಕಿಣ್ವಗಳು ಅದನ್ನು ಸರಿಯಾಗಿ ಹಿಡಿಯಲಾರವು. ಅದಕ್ಕೇ ಪ್ರೈಮರಿನಲ್ಲಿ ಜಾಗದ ಹೊರಗೆ ಕನಿಷ್ಠ 6 ಬೇಸ್ ಬಿಡುವುದು ವಾಡಿಕೆ. ಇದನ್ನು ಪರೀಕ್ಷಿಸಲು ನನಗೆ ಬಹಳ ಇಷ್ಟವಾದ ಉಪಾಯವೊಂದಿದೆ. ಕತ್ತರಿಸಿದ ಜೀನ್ ತುಣುಕಿಗೆ ವೆಕ್ಟರ್ ಇಲ್ಲದೆ ಲೈಗೇಸ್ ಮಾತ್ರ ಹಾಕಿ ಜೆಲ್ ಓಡಿಸಿ. ಎರಡೂ ತುದಿಗಳು ಕತ್ತರಿಸಿದ್ದರೆ ತುಣುಕುಗಳು ಒಂದರ ತುದಿಗೆ ಒಂದು ಸೇರಿ 1,800, 2,700 ಹೀಗೆ ಮೇಲೇರುವ ಪಟ್ಟಿಗಳು ಬರುತ್ತವೆ. ಒಂದೇ ತುದಿ ಕತ್ತರಿಸಿದ್ದರೆ 1,800ರಲ್ಲಿ ನಿಲ್ಲುತ್ತದೆ, ಏಕೆಂದರೆ ಜೋಡಿಯಾದ ಮೇಲೆ ಹೊರಗೆ ಉಳಿಯುವುದು ಫಾಸ್ಫೇಟ್ ಇಲ್ಲದ ಪಿಸಿಆರ್ ತುದಿಗಳು ಮಾತ್ರ. ಎರಡೂ ಕತ್ತರಿಸಿರದಿದ್ದರೆ 900ರ ಒಂದೇ ಪಟ್ಟಿ. ಕೆಲವು ಮೈಕ್ರೋಲೀಟರ್ ಡಿಎನ್‌ಎಯಲ್ಲಿ, ಒಂದೇ ಸಂಜೆಯಲ್ಲಿ ಉತ್ತರ ಸಿಗುತ್ತದೆ. ಕತ್ತರಿಸಿದ ಮೇಲೆ 900ರ ಬದಲು 600 ಮತ್ತು 300ರಂತಹ ಎರಡು ಪಟ್ಟಿಗಳು ಕಂಡರೆ ಜೀನಿನ ಒಳಗೇ ಆ ಕಿಣ್ವದ ಜಾಗವಿದೆ. ಅಂತಹ ಜೀನಿಗೆ ಓವರ್‌ಲ್ಯಾಪ್ ಜೋಡಣೆಯೇ ಸರಿಯಾದ ದಾರಿ, ಮತ್ತು ವಿಧಾನ ಬದಲಿಸಲು ನಾನು ಒಪ್ಪುವ ಮೊದಲ ಕಾರಣವೂ ಅದೇ.

### ವಿಧಾನ ಬದಲಿಸಿದರೂ ಕಾಲೊನಿಗಳು ಖಾಲಿಯೇ ಇದ್ದಾಗ

ಮೇಲಿನ ವೆಕ್ಟರನ್ನೇ, ಅಂದರೆ ಒಂದೇ ಕಿಣ್ವ ಕತ್ತರಿಸಿದ್ದನ್ನೇ, ಓವರ್‌ಲ್ಯಾಪ್ ಜೋಡಣೆಗೆ ಹಾಕಿದರೆ ತಟ್ಟೆ 4ರ ಕಾಲೊನಿಗಳು ಬಹುತೇಕ ಮಾಯವಾಗುತ್ತವೆ. ಎಕ್ಸೋನ್ಯೂಕ್ಲಿಯೇಸ್ ಅಂಟುತುದಿಯನ್ನು ಕೊರೆದುಬಿಡುವುದರಿಂದ ವೆಕ್ಟರ್‌ಗೆ ತಾನೇ ಮುಚ್ಚಿಕೊಳ್ಳಲು ಆಧಾರವಿಲ್ಲ. ಆದರೆ ಪೂರ್ತಿ ಕತ್ತರಿಸದೆ ಉಳಿದ ಸುರುಳಿ ಪ್ಲಾಸ್ಮಿಡ್‌ಗೆ ಈ ಮಿಶ್ರಣದಿಂದ ಏನೂ ಆಗದು. ಅದು ತಟ್ಟೆ 3, 4, 5 ಮೂರರಲ್ಲೂ ಒಂದೇ ಪ್ರಮಾಣದಲ್ಲಿ ಕಾಣಿಸಿಕೊಳ್ಳುತ್ತದೆ. ಹೀಗೆ ತಟ್ಟೆ 3 ಮತ್ತು 4 ಸಮನಾಗಿದ್ದರೆ ದೋಷ ವೆಕ್ಟರ್ ತಯಾರಿಯದು, ಮತ್ತು ಅದನ್ನು ಯಾವ ಬೆಸುಗೆಯೂ ಸರಿಪಡಿಸಲಾರದು.

ವೆಕ್ಟರನ್ನು ಪಿಸಿಆರ್‌ನಿಂದ ತಯಾರಿಸುವವರಲ್ಲಿ ಇದು ಇನ್ನೂ ತೀವ್ರ, ಏಕೆಂದರೆ ಪಿಸಿಆರ್‌ಗೆ ಹಾಕಿದ ಮೂಲ ಪ್ಲಾಸ್ಮಿಡ್‌ಗೂ ಅದೇ ಕನಮೈಸಿನ್ ಪ್ರತಿರೋಧ ಇರುತ್ತದೆ. ಪಿಸಿಆರ್‌ಗೆ 10 ನ್ಯಾನೋಗ್ರಾಂ ಮೂಲ ಪ್ಲಾಸ್ಮಿಡ್ ಹಾಕಿ, ಶುದ್ಧಗೊಳಿಸಿ 30 ಮೈಕ್ರೋಲೀಟರ್‌ನಲ್ಲಿ ತೆಗೆದು, ಅದರಲ್ಲಿ 2 ಮೈಕ್ರೋಲೀಟರನ್ನು 20 ಮೈಕ್ರೋಲೀಟರ್ ಜೋಡಣೆಗೆ ಹಾಕಿ, ಅದರಲ್ಲಿ 2 ಮೈಕ್ರೋಲೀಟರನ್ನು ಕೋಶಗಳಿಗೆ ಕೊಟ್ಟರೆ ಒಳಹೋಗುವ ಮೂಲ ಪ್ಲಾಸ್ಮಿಡ್ ಎಷ್ಟೆಂದು ನೋಡಿ:

```
10 ng × (2 ÷ 30) × (2 ÷ 20) = 0.067 ng = 67 pg
```

ಮೈಕ್ರೋಗ್ರಾಂಗೆ 1 ಕೋಟಿ ಕೊಡುವ ಕೋಶಗಳಲ್ಲಿ ಇದರಿಂದ ಸುಮಾರು 670 ಖಾಲಿ ಕಾಲೊನಿಗಳು ಹುಟ್ಟುತ್ತವೆ. ಜೋಡಣೆ ಎಷ್ಟೇ ಚೆನ್ನಾಗಿ ನಡೆದಿದ್ದರೂ ಅದರ ಫಲ ಈ ಗುಂಪಿನಲ್ಲಿ ಮುಚ್ಚಿಹೋಗುತ್ತದೆ. ಪಿಸಿಆರ್‌ಗೆ 1 ನ್ಯಾನೋಗ್ರಾಂ ಅಥವಾ ಅದಕ್ಕಿಂತ ಕಡಿಮೆ ಹಾಕಿದರೆ ಈ ಸಂಖ್ಯೆ ಹತ್ತು ಪಟ್ಟು ಇಳಿಯುತ್ತದೆ. ಪಿಸಿಆರ್ ಮುಗಿದ ಮೇಲೆ ಡಿಪಿಎನ್-1 ಕಿಣ್ವ ಹಾಕಿ 37 ಡಿಗ್ರಿಯಲ್ಲಿ ಇಟ್ಟರೆ ಉಳಿದದ್ದೂ ನಾಶವಾಗುತ್ತದೆ. ಈ ಕಿಣ್ವ GATC ಅನುಕ್ರಮವನ್ನು ಮೀಥೈಲ್ ಗುಂಪು ಇದ್ದಾಗ ಮಾತ್ರ ಕತ್ತರಿಸುವುದರಿಂದ ಬ್ಯಾಕ್ಟೀರಿಯಾದಲ್ಲಿ ಬೆಳೆದ ಮೂಲ ಪ್ಲಾಸ್ಮಿಡ್ ತುಂಡಾಗುತ್ತದೆ, ಪಿಸಿಆರ್ ತುಣುಕು ಹಾಗೆಯೇ ಉಳಿಯುತ್ತದೆ. ಮೂಲ ಪ್ಲಾಸ್ಮಿಡನ್ನು ಡ್ಯಾಮ್ ಮೀಥೈಲೇಸ್ ಇಲ್ಲದ ತಳಿಯಲ್ಲಿ ಬೆಳೆಸಿದ್ದರೆ ಮಾತ್ರ ಇದು ನಡೆಯದು. ಆಗ ಜೆಲ್‌ನಿಂದ ಪಟ್ಟಿ ಕತ್ತರಿಸಿ ತೆಗೆಯುವುದೊಂದೇ ಉಪಾಯ.

## ಲಕ್ಷಣ: ಕಾಲೊನಿ ಪಿಸಿಆರ್ ಹೌದೆನ್ನುತ್ತದೆ, ಪ್ಲಾಸ್ಮಿಡ್ ಇಲ್ಲವೆನ್ನುತ್ತದೆ

ಜೀನಿನ ಎರಡು ತುದಿಯ ಪ್ರೈಮರುಗಳಿಂದಲೇ ಕಾಲೊನಿ ಪಿಸಿಆರ್ ಮಾಡಿದರೆ ತಟ್ಟೆಯ ಮೇಲೆ ಬಿದ್ದಿರುವ ಬೆಸುಗೆ ದ್ರಾವಣದ ಡಿಎನ್‌ಎಯೇ ಪಟ್ಟಿ ಕೊಡುತ್ತದೆ, ಕಾಲೊನಿಯಲ್ಲಿ ಏನಿದ್ದರೂ ಸರಿ. ಒಂದು ಪ್ರೈಮರ್ ವೆಕ್ಟರಿನಲ್ಲಿ, ಇನ್ನೊಂದು ಜೀನಿನ ಒಳಗೆ ಇರಬೇಕು. ಪಿಇಟಿ-28ಎಗೆ ಟಿ7 ಪ್ರಮೋಟರ್ ಪ್ರೈಮರ್ ಮತ್ತು ಜೀನಿನ ಹಿಮ್ಮುಖ ಪ್ರೈಮರ್ ಸಾಕು. ತಟ್ಟೆ 4ರ ಒಂದು ಕಾಲೊನಿಯನ್ನೂ ಜೊತೆಗೆ ಪರೀಕ್ಷಿಸಿ. ಅದರಲ್ಲೂ ಪಟ್ಟಿ ಬಂದರೆ ಆ ದಿನದ ಯಾವ ಫಲಿತಾಂಶವನ್ನೂ ನಂಬಬೇಡಿ. ಬೆಸುಗೆ ದ್ರಾವಣದ ಡಿಎನ್‌ಎ ಮತ್ತೂ ಉಳಿದಿದೆಯೆಂಬ ಅನುಮಾನ ಇದ್ದರೆ ಕಾಲೊನಿಯನ್ನು ಹೊಸ ತಟ್ಟೆಗೆ ಒಮ್ಮೆ ಗೀಚಿ, ಅಲ್ಲಿ ಬೆಳೆದದ್ದನ್ನು ಪರೀಕ್ಷಿಸುವುದು ಒಳ್ಳೆಯದು.

## ಲಕ್ಷಣ: ಜೀನ್ ಸೇರಿದೆ, ಬೆಸುಗೆಯ ಜಾಗದಲ್ಲಿ ಅನುಕ್ರಮ ಕೆಟ್ಟಿದೆ

ಇದನ್ನು ಸೀಕ್ವೆನ್ಸಿಂಗ್ ಮಾತ್ರ ತೋರಿಸುತ್ತದೆ. ಎರಡು ವಿಧಾನಗಳ ಸ್ವಭಾವ ಇಲ್ಲಿ ಎದ್ದುಕಾಣುತ್ತದೆ. ಕತ್ತರಿಸಿ ಬೆಸೆದಾಗ ಬೆಸುಗೆಯ ಜಾಗ ಅಪರೂಪಕ್ಕೆ ಕೆಡುತ್ತದೆ, ಏಕೆಂದರೆ ತುದಿಯನ್ನು ನಿರ್ಧರಿಸುವುದು ಕಿಣ್ವದ ಕತ್ತರಿ. ಓವರ್‌ಲ್ಯಾಪ್ ಜೋಡಣೆಯಲ್ಲಿ ತುದಿ ಬರುವುದು ಉದ್ದನೆಯ ಪ್ರೈಮರಿನಿಂದ. ಪ್ರೈಮರ್ ಉದ್ದವಾದಷ್ಟೂ ಒಂದು ಬೇಸ್ ಬಿಟ್ಟುಹೋದ ಪ್ರತಿಗಳು ಅದರಲ್ಲಿ ಹೆಚ್ಚು ಬೆರೆತಿರುತ್ತವೆ, ಮತ್ತು ಒಂದು ಬೇಸ್ ಹೋದರೆ ಮುಂದಿನ ಪ್ರೋಟೀನ್ ಓದು ಪೂರ್ತಿ ಜಾರುತ್ತದೆ.

ನಾಲ್ಕು ಕಾಲೊನಿಗಳನ್ನು ಓದಿಸಿ, ತಪ್ಪುಗಳ ಮಾದರಿಯನ್ನು ನೋಡಿ. ನಾಲ್ಕರಲ್ಲೂ ಒಂದೇ ತಪ್ಪು ಒಂದೇ ಜಾಗದಲ್ಲಿ ಇದ್ದರೆ ಪ್ರೈಮರ್ ಬರೆದಾಗಲೇ ತಪ್ಪಾಗಿದೆ. ಕಂಪ್ಯೂಟರಿನಲ್ಲಿರುವ ಅನುಕ್ರಮವನ್ನು ಮತ್ತೆ ಪರಿಶೀಲಿಸಿ. ಪ್ರೈಮರಿನ ವ್ಯಾಪ್ತಿಯೊಳಗೆ ಬೇರೆಬೇರೆ ತಪ್ಪುಗಳಿದ್ದರೆ ಪ್ರೈಮರ್ ಸಂಶ್ಲೇಷಣೆಯ ದೋಷ. ಇನ್ನೂ ಕೆಲವು ಕಾಲೊನಿ ಓದಿಸಿದರೆ ಸರಿಯಾದದ್ದು ಸಿಗುತ್ತದೆ, ಇಲ್ಲವೇ ಶುದ್ಧೀಕರಿಸಿದ ಪ್ರೈಮರ್ ತರಿಸಬೇಕು. ತಪ್ಪುಗಳು ಜೀನಿನ ಮಧ್ಯದಲ್ಲಿ ಚದುರಿದ್ದರೆ ಪಿಸಿಆರ್ ಪಾಲಿಮರೇಸನ್ನು ಬದಲಿಸಿ, ಸುತ್ತುಗಳನ್ನು ಕಡಿಮೆ ಮಾಡಿ.

ನಾಲ್ಕನೆಯ ಮಾದರಿಯೊಂದಿದೆ. ತಪ್ಪುಗಳು ಜಾಗದಲ್ಲಿ ಬೇರೆಬೇರೆ, ಆದರೆ ಪ್ರತಿಯೊಂದೂ ಜೀನನ್ನು ನಿರುಪಯೋಗಿ ಮಾಡುವಂಥದ್ದೇ: ಒಂದರಲ್ಲಿ ಓದು ಜಾರಿದೆ, ಇನ್ನೊಂದರಲ್ಲಿ ನಡುವೆಯೇ ನಿಲುಗಡೆ ಸಂಕೇತ ಬಂದಿದೆ, ಮತ್ತೊಂದರಲ್ಲಿ ಜೀನಿನ ತುಂಡೇ ಹಾರಿಹೋಗಿದೆ. ಸರಿಯಾದ ಜೀನ್ ಹೊತ್ತ ಕೋಶಗಳು ಸಾಯುತ್ತಿವೆ, ಕೆಟ್ಟ ಜೀನ್ ಹೊತ್ತವು ಮಾತ್ರ ಬದುಕುತ್ತಿವೆ ಎಂದು ಇದರ ಅರ್ಥ. ತಟ್ಟೆಯಲ್ಲಿ ದೊಡ್ಡ ಕಾಲೊನಿಗಳ ನಡುವೆ ಸೂಜಿಮೊನೆಯಷ್ಟು ಚಿಕ್ಕವು ಕಂಡಿದ್ದರೆ ಸರಿಯಾದ ಜೀನ್ ಅವುಗಳಲ್ಲಿರುವ ಸಂಭವ ಹೆಚ್ಚು. ಅವನ್ನು ಬಿಟ್ಟು ದೊಡ್ಡವನ್ನು ಆರಿಸುವುದು ಎಲ್ಲರ ಕೈಯ ಅಭ್ಯಾಸ. ಕ್ಲೋನಿಂಗನ್ನು ಟಿ7 ಪಾಲಿಮರೇಸ್ ಇಲ್ಲದ ಡಿಎಚ್5 ಆಲ್ಫಾದಂತಹ ತಳಿಯಲ್ಲೇ ಮುಗಿಸಿ, ತಟ್ಟೆಗಳನ್ನು 30 ಡಿಗ್ರಿಯಲ್ಲಿ ಬೆಳೆಸಿ. ಪ್ರೋಟೀನ್ ತಯಾರಿಸುವ ಬಿಎಲ್21 ಡಿಇ3 ತಳಿಗೆ ಸಾಗಿಸುವಾಗ ಮಾಧ್ಯಮಕ್ಕೆ 1 ಶೇಕಡ ಗ್ಲೂಕೋಸ್ ಸೇರಿಸಿದರೆ, ಬೇಡದಾಗಲೂ ಸ್ವಲ್ಪ ಸ್ವಲ್ಪ ಪ್ರೋಟೀನ್ ತಯಾರಾಗುವ ಸೋರಿಕೆ ತಗ್ಗುತ್ತದೆ. ಇಷ್ಟಾದರೂ ಫಲವಿಲ್ಲದಿದ್ದರೆ ಕಡಿಮೆ ಪ್ರತಿಗಳಿರುವ ವೆಕ್ಟರ್ ಬೇಕು. ಈ ದೋಷಕ್ಕೆ ಬೆಸುಗೆಯ ವಿಧಾನ ಯಾವುದೆಂಬುದು ಸಂಬಂಧವೇ ಇಲ್ಲ.

## ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ತಟ್ಟೆ 1 ಖಾಲಿ, ತಟ್ಟೆ 2 ಉತ್ತಮ, ತಟ್ಟೆ 3 ಮತ್ತು 4ರಲ್ಲಿ ಕೆಲವೇ ಕಾಲೊನಿ, ಲೈಗೇಸ್ ಪರೀಕ್ಷೆಯಲ್ಲಿ ಏರುವ ಪಟ್ಟಿಗಳು, ಇಷ್ಟೆಲ್ಲ ಇದ್ದೂ ತಟ್ಟೆ 5 ಎರಡನೆಯ ಬಾರಿಯೂ ಕೈಕೊಟ್ಟರೆ ಅದೇ ಪ್ರಯೋಗವನ್ನು ಮೂರನೆಯ ಬಾರಿ ಮಾಡಬೇಡಿ. ಬಳಸುತ್ತಿರುವ ವೆಕ್ಟರ್‌ನ ಪೂರ್ಣ ಅನುಕ್ರಮವನ್ನು ಓದಿಸಿ. ಕೈಯಿಂದ ಕೈಗೆ ಬಂದ ಪ್ಲಾಸ್ಮಿಡ್‌ಗಳ ನಕ್ಷೆ ಮತ್ತು ನಿಜಸ್ಥಿತಿ ಬೇರೆಯಾಗಿರುವುದುಂಟು. ಆ ಅನುಕ್ರಮ, ಪ್ರೈಮರುಗಳು, ಐದು ತಟ್ಟೆಗಳ ಎಣಿಕೆ ಮತ್ತು ಜೆಲ್ ಚಿತ್ರಗಳನ್ನು ಒಟ್ಟಿಗೆ ಇಟ್ಟುಕೊಂಡು ಅನುಭವಿಗಳಲ್ಲಿಗೆ ಹೋದರೆ ಬಹಳ ಸಲ ಮೊದಲ ನೋಟದಲ್ಲೇ ದೋಷ ಸಿಗುತ್ತದೆ. ಎಣಿಕೆ ಇಲ್ಲದೆ ಹೋದರೆ ಅವರೂ ಊಹೆಯನ್ನೇ ಹೇಳಬೇಕಾಗುತ್ತದೆ.

ಕೋಶಗಳಿಗೆ ಮಾರಕವೆಂದು ಕಂಡುಬಂದ ಜೀನು ಮನುಷ್ಯರಿಗೆ ಅಥವಾ ಪ್ರಾಣಿಗಳಿಗೆ ವಿಷವಾಗುವ ಪ್ರೋಟೀನಿಗೆ ಸೇರಿದ್ದಾದರೆ ಅಥವಾ ಅದರ ಮೂಲ ಖಚಿತವಿಲ್ಲದಿದ್ದರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆಯನ್ನು ಪಡೆಯಬೇಕು. ಜೀನ್ ಸೇರಿದ್ದರೂ ಸೇರದಿದ್ದರೂ ಐದೂ ತಟ್ಟೆಗಳು, ಗೀಚಿದ ತಟ್ಟೆಗಳು, ಉಳಿದ ಕಲ್ಚರ್ ಎಲ್ಲವನ್ನೂ ಎಣಿಕೆ ಬರೆದಿಟ್ಟ ಮೇಲೆ ಆಟೋಕ್ಲೇವ್ ಮಾಡಿಯೇ ಹೊರಹಾಕಬೇಕು.